ಒಂದು ಕೋಟಿ ಹಾಗೇ ಇದ್ದರೂ ಸಾಲದು: ನಿವೃತ್ತಿಯ ಹಣದಲ್ಲಿ ಷೇರಿಗೆ ಎಷ್ಟು ಪಾಲು?

ಪ್ರಶ್ನೆ: ನನಗೆ 61 ವರ್ಷ, ಹೆಂಡತಿಗೆ 58. ಖಾಸಗಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಪಿಎಫ್, ಗ್ರಾಚ್ಯುಟಿ, ಹಳೆಯ ಉಳಿತಾಯ ಎಲ್ಲ ಸೇರಿ 1 ಕೋಟಿ ರೂಪಾಯಿ ಇದೆ. ದಾವಣಗೆರೆಯಲ್ಲಿ ಸ್ವಂತ ಮನೆ, ಸಾಲ ಇಲ್ಲ. ಪಿಎಫ್ ಪಿಂಚಣಿ ತಿಂಗಳಿಗೆ 4,000 ಬರುತ್ತದೆ, ಖರ್ಚು 40,000. ಬ್ಯಾಂಕಿನಲ್ಲಿ ಎಲ್ಲವನ್ನೂ ಎಫ್‌ಡಿ ಮಾಡಿ ಅಂತಾರೆ. ಮಗ ಅರ್ಧ ದುಡ್ಡು ಮ್ಯೂಚುವಲ್ ಫಂಡಿಗೆ ಹಾಕಿ ಅಲ್ಲಿಂದಲೇ ತಿಂಗಳು ತಿಂಗಳು ತೆಗೆಯಿರಿ ಅಂತಾನೆ. ಈ ವಯಸ್ಸಿನಲ್ಲಿ ಷೇರು ಬೇಕಾ? ಬೇಕಿದ್ದರೆ ಎಷ್ಟು?

ಉತ್ತರ: ಬೇಕು. ನಿಮ್ಮ ಲೆಕ್ಕಕ್ಕೆ ಸುಮಾರು 35 ಲಕ್ಷ. ಆದರೆ ತಿಂಗಳ ಖರ್ಚಿನ ದುಡ್ಡು ಅಲ್ಲಿಂದ ಬರಬಾರದು. ಈಗಿನ ಖರ್ಚು ಬಡ್ಡಿಯಿಂದ ನಡೆಯಬೇಕು. ಷೇರಿನ ಹಣ ನಿಮಗೆ 70 ದಾಟಿದ ಮೇಲಿನ ಖರ್ಚಿಗೆ ಮೀಸಲು.

ಮೊದಲು ಬ್ಯಾಂಕಿನವರ ಸಲಹೆಯನ್ನು ಅಳೆಯೋಣ. 1 ಕೋಟಿಗೆ ಶೇ 7ರ ಬಡ್ಡಿ ಎಂದರೆ ವರ್ಷಕ್ಕೆ 7 ಲಕ್ಷ. ಪಿಂಚಣಿ ಕಳೆದು ನಿಮಗೆ ಬೇಕಿರುವುದು ತಿಂಗಳಿಗೆ 36,000, ಅಂದರೆ ವರ್ಷಕ್ಕೆ 4.32 ಲಕ್ಷ. ಮೇಲ್ನೋಟಕ್ಕೆ ಆರಾಮಾಗಿಯೇ ಇದೆ, ಬಡ್ಡಿಯಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಈಗ ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತದೆ, ಪಿಂಚಣಿ ಮಾತ್ರ 4,000ದಲ್ಲೇ ನಿಲ್ಲುತ್ತದೆ ಎಂದಿಟ್ಟುಕೊಂಡು ವರ್ಷ ವರ್ಷದ ಲೆಕ್ಕ ಹಾಕಿ ನೋಡಿ. ಮೊದಲ ಒಂಬತ್ತು ವರ್ಷ ಗಂಟು ಬೆಳೆಯುತ್ತಲೇ ಹೋಗಿ 1 ಕೋಟಿ 13 ಲಕ್ಷ ಮುಟ್ಟುತ್ತದೆ. ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ಹದಿನೈದನೇ ವರ್ಷದ ಕೊನೆಗೆ, ನಿಮಗೆ 76 ಆದಾಗ, ಪಾಸ್‌ಬುಕ್‌ನಲ್ಲಿ ಇನ್ನೂ 1 ಕೋಟಿ 2 ಲಕ್ಷ ಇರುತ್ತದೆ. ಇಟ್ಟ ಗಂಟು ಕರಗಿಲ್ಲವಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಆ ಹೊತ್ತಿಗೆ ತಿಂಗಳ ಖರ್ಚು 95,000 ದಾಟಿರುತ್ತದೆ. ಅಲ್ಲಿಂದ ಮುಂದೆ ಆ ಹಣ ಒಂಬತ್ತೇ ವರ್ಷಕ್ಕೆ ಮುಗಿಯುತ್ತದೆ. ನಿಮಗೆ 85, ಹೆಂಡತಿಗೆ 82.

ಎಲ್ಲವನ್ನೂ ಠೇವಣಿಯಲ್ಲಿಡುವುದರ ನಿಜವಾದ ಅಪಾಯ ಇದು. ತೊಂದರೆ ಕಣ್ಣಿಗೆ ಬೀಳುವುದು ಹದಿನೈದು ವರ್ಷ ಕಳೆದ ಮೇಲೆ, ಏನನ್ನೂ ತಿದ್ದಿಕೊಳ್ಳಲಾಗದ ವಯಸ್ಸಿನಲ್ಲಿ. ಅದೂ ಶೇ 7ರ ಬಡ್ಡಿ 24 ವರ್ಷ ಒಂದೇ ಸಮನೆ ಸಿಕ್ಕರೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿಯೇ 2020ರ ಏಪ್ರಿಲ್‌ನಲ್ಲಿ ಶೇ 7.4ಕ್ಕೆ ಇಳಿದು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ನಿಂತಿತ್ತು. ಠೇವಣಿಯ ಅವಧಿ ಮುಗಿದ ದಿನ ಯಾವ ದರ ಇರುತ್ತದೋ ಅದೇ ನಿಮ್ಮ ಪಾಲಿಗೆ.

ಮಗನ ಸಲಹೆಯಲ್ಲಿ ದಿಕ್ಕು ಸರಿ, ದಾರಿ ತಪ್ಪು. 50 ಲಕ್ಷವನ್ನು ಷೇರು ಫಂಡಿಗೆ ಹಾಕಿ ಪ್ರತಿ ತಿಂಗಳು 36,000 ತೆಗೆಯುವುದಕ್ಕೆ ಎಸ್‌ಡಬ್ಲ್ಯೂಪಿ ಎನ್ನುತ್ತಾರೆ. ಯೂನಿಟ್ಟಿನ ಬೆಲೆ 100 ರೂಪಾಯಿ ಇದ್ದರೆ ನಿಮ್ಮ ಬಳಿ 50,000 ಯೂನಿಟ್ ಇರುತ್ತವೆ, ತಿಂಗಳಿಗೆ 360 ಮಾರಿದರೆ ಖರ್ಚು ನಡೆಯುತ್ತದೆ. ಬೆಲೆ 50ಕ್ಕೆ ಬಿದ್ದರೆ ಅದೇ 36,000ಕ್ಕೆ 720 ಯೂನಿಟ್ ಮಾರಬೇಕು. ಒಂದು ವರ್ಷ ಹಾಗೇ ನಡೆದರೆ 8,640 ಯೂನಿಟ್, ಅಂದರೆ ನಿಮ್ಮ ಯೂನಿಟ್ಟುಗಳಲ್ಲಿ ಶೇ 17 ಹೋದವು. ಆಮೇಲೆ ಮಾರುಕಟ್ಟೆ 100ಕ್ಕೆ ಮರಳಿದರೂ ಮಾರಿದ ಯೂನಿಟ್ಟುಗಳಿಗೆ ಆ ಏರಿಕೆಯಲ್ಲಿ ಪಾಲಿಲ್ಲ. ಸಂಬಳ ಬರುವವನಿಗೆ ಕುಸಿತ ಬರೀ ಕಾಗದದ ಮೇಲಿನ ನಷ್ಟ. ಅದರಿಂದಲೇ ಊಟ ಮಾಡುವವನಿಗೆ ಅದು ಕಾಯಂ ನಷ್ಟ. ಕುಸಿತ ನಿವೃತ್ತಿಯ ಮೊದಲ ಐದಾರು ವರ್ಷಗಳಲ್ಲಿ ಬಂದರಂತೂ, ಮುಂದಿನ ಹತ್ತು ವರ್ಷ ಎಷ್ಟೇ ಚೆನ್ನಾಗಿ ನಡೆದರೂ ಆ ಗಾಯ ತುಂಬುವುದು ಕಷ್ಟ.

ಹಾಗಾದರೆ ಷೇರಿನ ಹಣವನ್ನು ಎಷ್ಟು ವರ್ಷ ಮುಟ್ಟದೆ ಇರುವಂತಿರಬೇಕು? 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000ದ ಆಸುಪಾಸಿನಲ್ಲಿತ್ತು. ಅದೇ ಅಕ್ಟೋಬರ್ ವೇಳೆಗೆ 9,000ಕ್ಕೂ ಕೆಳಗೆ ಬಿತ್ತು. 2010ರ ನವೆಂಬರ್‌ನಲ್ಲಿ ಒಮ್ಮೆ 21,000 ಮುಟ್ಟಿ ಮತ್ತೆ ಇಳಿಯಿತು. ಆ ಮಟ್ಟವನ್ನು ಗಟ್ಟಿಯಾಗಿ ದಾಟಲು 2013ರ ಕೊನೆ ಬರಬೇಕಾಯಿತು. 2020ರ ಮಾರ್ಚ್‌ನ ಕೋವಿಡ್ ಕುಸಿತ ಅದೇ ವರ್ಷದ ನವೆಂಬರ್‌ಗೆ ತುಂಬಿಕೊಂಡಿತು ನಿಜ. ಆದರೆ ಯೋಜನೆ ಮಾಡಬೇಕಾದ್ದು 2008ನ್ನು ಎದುರಿಗಿಟ್ಟುಕೊಂಡು. ಹಾಗಾಗಿ ಏಳರಿಂದ ಒಂಬತ್ತು ವರ್ಷ ಷೇರು ಮಾರದೆ ಮನೆ ನಡೆಯಬೇಕು. ಷೇರಿನ ಪಾಲು ಎಷ್ಟೆಂಬುದು ಈ ವರ್ಷಗಳ ಲೆಕ್ಕದಿಂದ ಹೊರಡಬೇಕು. ‘ನೂರರಲ್ಲಿ ವಯಸ್ಸು ಕಳೆಯಿರಿ’ ಎಂಬ ಸೂತ್ರ ನೀವು ಕೇಳಿರಬಹುದು. ಅದಕ್ಕೆ ನಿಮ್ಮ ಖರ್ಚೂ ಗೊತ್ತಿಲ್ಲ, ನಿಮ್ಮ ಪಿಂಚಣಿಯೂ ಗೊತ್ತಿಲ್ಲ.

ಈಗ ನಿಮ್ಮ ಕೋಟಿಯನ್ನು ಹಂಚೋಣ. ಇಲ್ಲಿ ಹೇಳುವ ದರಗಳು 2025-26ರ ಹಣಕಾಸು ವರ್ಷದವು. ಅಂಚೆ ಕಚೇರಿಯ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದ್ದರಿಂದ ಹಣ ಕಟ್ಟುವ ದಿನದ ದರ ಕೇಳಿಕೊಳ್ಳಿ.

ಮೊದಲ 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಒಬ್ಬರಿಗೆ ಇರುವ ಮಿತಿಯೇ ಅದು. ದರ ಶೇ 8.2, ಮತ್ತು ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ತಿಂಗಳಿಗೆ 20,500 ಬಿದ್ದಂತಾಯಿತು. ಖಾತೆ ತೆರೆಯುವಾಗಲೇ ಬಡ್ಡಿ ಉಳಿತಾಯ ಖಾತೆಗೆ ತಾನಾಗಿ ಜಮಾ ಆಗುವಂತೆ ಬರೆದುಕೊಡಿ, ಏಕೆಂದರೆ ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಸಿಗುವುದಿಲ್ಲ. ಹೆಂಡತಿಯನ್ನು ಜಂಟಿ ಖಾತೆದಾರರಾಗಿ ಸೇರಿಸಿ. ಜಂಟಿಗೆ 60 ವರ್ಷದ ನಿಯಮ ಅಡ್ಡಿಯಿಲ್ಲ.

ಮುಂದಿನ 15 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ, ಜನ ಎಂಐಎಸ್ ಎನ್ನುವುದು ಇದಕ್ಕೇ. ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾದರೆ 15 ಲಕ್ಷ ಮಿತಿ. ಶೇ 7.4ರಂತೆ ತಿಂಗಳಿಗೆ 9,250 ಬರುತ್ತದೆ.

ಇವೆರಡು ಮತ್ತು ಪಿಂಚಣಿ ಸೇರಿದರೆ ತಿಂಗಳಿಗೆ 33,750. ನಿಮಗೆ ಬೇಕಾದ 40,000ಕ್ಕೆ 6,250 ಕಡಿಮೆ, ವರ್ಷಕ್ಕೆ 75,000. ಬೆಲೆ ಏರಿದಂತೆ ಈ ಕೊರತೆಯೂ ಏರುತ್ತದೆ: ಎರಡನೇ ವರ್ಷ 1.04 ಲಕ್ಷ, ಐದನೇ ವರ್ಷ 2 ಲಕ್ಷ, ಒಂಬತ್ತನೇ ವರ್ಷ 3.6 ಲಕ್ಷ. ಬಡ್ಡಿ ನಿಂತಲ್ಲೇ ನಿಂತು ಖರ್ಚು ಓಡುವುದರಿಂದ, ಕೊರತೆ ಖರ್ಚಿಗಿಂತ ವೇಗವಾಗಿ ಬೆಳೆಯುತ್ತದೆ. ಈ ಕೊರತೆಯನ್ನು ತುಂಬುವುದಕ್ಕೇ ಮೂರನೆಯ ಭಾಗ: ಬ್ಯಾಂಕ್ ಠೇವಣಿಯಲ್ಲಿ 14 ಲಕ್ಷ. ಶೇ 6.5ರ ಬಡ್ಡಿ ಸಿಕ್ಕರೂ, ಅಸಲು ಬಡ್ಡಿ ಎರಡನ್ನೂ ಕರಗಿಸುತ್ತ ಹೋದರೆ ಇದು ಸುಮಾರು ಒಂಬತ್ತು ವರ್ಷದ ಕೊರತೆಗೆ ಸಾಕಾಗುತ್ತದೆ. ಠೇವಣಿ ಕರಗುತ್ತಿದೆ ಎಂದು ಗಾಬರಿಯಾಗಬೇಡಿ, ಅದನ್ನು ಇಟ್ಟಿರುವುದೇ ಕರಗುವುದಕ್ಕೆ.

ಇದರ ಜೊತೆಗೆ ಇನ್ನೊಂದು 6 ಲಕ್ಷ ಆಸ್ಪತ್ರೆ ಮತ್ತು ಆಪತ್ತಿಗೆ, ಬೇರೆಯೇ ಠೇವಣಿಯಾಗಿ. ಆರೋಗ್ಯ ವಿಮೆ ಇದ್ದರೂ ಇದು ಬೇಕು. ವಿಮೆಯವರು ಕೊಡದ ಖರ್ಚು ಪ್ರತಿ ಬಿಲ್ಲಿನಲ್ಲೂ ಇರುತ್ತದೆ, ಮತ್ತು ಅದು ಮಾರುಕಟ್ಟೆ ಬಿದ್ದ ತಿಂಗಳಲ್ಲೇ ಬರಬಹುದು.

ಠೇವಣಿ ಇಡುವ ರೀತಿಯಲ್ಲಿ ಎರಡು ಎಚ್ಚರ. 14 ಲಕ್ಷವನ್ನು ಒಂದೇ ರಸೀದಿಯಾಗಿ ಇಡಬೇಡಿ. 75,000 ಬೇಕಾದಾಗ ಇಡೀ ಠೇವಣಿ ಮುರಿದು ದಂಡ ತೆರಬೇಕಾದೀತು. ಮೊದಲ ವರ್ಷದ ಕೊರತೆ ಉಳಿತಾಯ ಖಾತೆಯಲ್ಲಿರಲಿ, ಮುಂದಿನ ವರ್ಷಗಳದ್ದು ಒಂದೊಂದು ಏಪ್ರಿಲ್‌ಗೆ ಅವಧಿ ಮುಗಿಯುವಂತೆ ಬೇರೆ ಬೇರೆ ಇರಲಿ. ಎರಡನೆಯದು ಬ್ಯಾಂಕಿನ ಆಯ್ಕೆ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಅಂಥ ಹೊತ್ತಿನಲ್ಲಿ ಹೆಚ್ಚು ಸಿಕ್ಕ ಒಂದು ಒಂದೂವರೆ ಶೇಕಡ ಬಡ್ಡಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಹಂಚಿ ಇಡಿ.

ಇನ್ನೊಂದು ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: ನಿಮ್ಮ ಮನೆಯವರಿಗೆ 60 ತುಂಬುವ ದಿನ. ಅವತ್ತು ಅವರ ಹೆಸರಿನಲ್ಲಿಯೂ ಹಿರಿಯ ನಾಗರಿಕರ ಖಾತೆ ತೆರೆಯಬಹುದು. 14 ಲಕ್ಷದಲ್ಲಿ 8 ಲಕ್ಷವನ್ನು ಅಷ್ಟರೊಳಗೆ ಅವಧಿ ಮುಗಿಯುವಂತೆ ಇಟ್ಟು ಅಲ್ಲಿಗೆ ವರ್ಗಾಯಿಸಿ. ಆಗಲೂ 8.2ರ ದರವೇ ಇದ್ದರೆ ಮೂರು ತಿಂಗಳಿಗೆ 16,400 ಬರುತ್ತದೆ. ಇಡೀ 14 ಲಕ್ಷವನ್ನು ಹಾಕಬೇಡಿ. ನಡುವಿನ ವರ್ಷಗಳ ಕೊರತೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಮತ್ತು ಆ ಖಾತೆಯನ್ನು ಒಂದು ವರ್ಷದ ನಂತರ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ 1.5, ಆಮೇಲೆ ಮುಚ್ಚಿದರೆ ಶೇ 1 ಕಡಿತವಾಗುತ್ತದೆ.

ಉಳಿದದ್ದು 35 ಲಕ್ಷ. ಇದು ಷೇರಿಗೆ. ಇದಕ್ಕೆ ಕಡಿಮೆ ಖರ್ಚಿನ ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್ ಸಾಕು ಎಂಬುದು ನನ್ನ ಅಭಿಪ್ರಾಯ. ದೇಶದ ದೊಡ್ಡ 50 ಕಂಪನಿಗಳು ಅದರಲ್ಲಿವೆ, ಫಂಡ್ ಮ್ಯಾನೇಜರ್ ಬದಲಾದರೇ ಎಂಬ ಚಿಂತೆ ಇಲ್ಲ, ಮುಂದೆ ನಿಮ್ಮ ಹೆಂಡತಿ ಒಬ್ಬರೇ ನೋಡಿಕೊಳ್ಳಬೇಕಾಗಿ ಬಂದರೂ ಅರ್ಥವಾಗುವಷ್ಟು ಸರಳ. ಸಣ್ಣ ಕಂಪನಿಗಳ ಸ್ಮಾಲ್ ಕ್ಯಾಪ್ ಫಂಡುಗಳು, ಒಂದೇ ಉದ್ಯಮದ ಫಂಡುಗಳು ನಿಮಗೆ ಬೇಡ. ಅವು ಬಿದ್ದರೆ ಏಳಲು ಹಿಡಿಯುವ ಕಾಲ ಇನ್ನೂ ಉದ್ದ.

ಫಾರಂ ತುಂಬುವಾಗ, ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವ ‘ಗ್ರೋತ್’ ಆಯ್ಕೆಯನ್ನೇ ಗುರುತು ಮಾಡಿ. ‘ಐಡಿಸಿಡಬ್ಲ್ಯೂ’ ಎಂದಿರುವುದು ಹಿಂದಿನ ಡಿವಿಡೆಂಡ್ ಆಯ್ಕೆ. ‘ತಿಂಗಳು ತಿಂಗಳು ಡಿವಿಡೆಂಡ್ ಬರುತ್ತದೆ’ ಎಂದು ನಿವೃತ್ತರಿಗೆ ಅದನ್ನು ಮಾರುವವರಿದ್ದಾರೆ. ಆ ಹಣ ನಿಮ್ಮ ಯೂನಿಟ್ಟಿನ ಬೆಲೆಯಿಂದಲೇ ಕಡಿತವಾಗಿ ಬರುತ್ತದೆ, ಇಷ್ಟೇ ಬರುತ್ತದೆಂಬ ಖಾತರಿಯೂ ಇಲ್ಲ, ಬಂದದ್ದು ಪೂರ್ತಿ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಹೋಗುತ್ತದೆ.

35 ಲಕ್ಷವನ್ನು ಒಂದೇ ದಿನ ಹಾಕಬೇಡಿ. 5 ಲಕ್ಷ ಮೊದಲು, ಉಳಿದ 30 ಲಕ್ಷ ತಿಂಗಳಿಗೆ 1.25 ಲಕ್ಷದಂತೆ 24 ತಿಂಗಳು. ಅಲ್ಲಿಯವರೆಗೆ ಆ ಹಣ ಷೇರಿನ ಬದಲು ಅಲ್ಪಾವಧಿಯ ಸಾಲಪತ್ರಗಳಲ್ಲಿ ತೊಡಗಿಸುವ ಲಿಕ್ವಿಡ್ ಫಂಡಿನಲ್ಲಿರಲಿ, ಅಲ್ಲಿಂದ ಪ್ರತಿ ತಿಂಗಳು ತಾನಾಗಿ ವರ್ಗವಾಗುವಂತೆ ಎಸ್‌ಟಿಪಿ ಬರೆದುಕೊಡಿ. ಮಾರುಕಟ್ಟೆ ಏರುತ್ತಲೇ ಹೋದರೆ ಒಟ್ಟಿಗೆ ಹಾಕಿದ್ದರೇ ಲಾಭವಿತ್ತು ಎಂದು ಆಮೇಲೆ ಅನಿಸಬಹುದು. ಆದರೆ ಇಷ್ಟು ದಿನ ಪಿಎಫ್ ಬಿಟ್ಟು ಬೇರೆ ಕಂಡಿಲ್ಲದವರು ಮೊದಲ ವರ್ಷವೇ 35 ಲಕ್ಷ 25 ಆಗಿದ್ದನ್ನು ನೋಡಿದರೆ ಹೆಚ್ಚಾಗಿ ಮಾರಿಯೇ ಬಿಡುತ್ತಾರೆ. ಆ ತಪ್ಪಿನ ಬೆಲೆ ತಪ್ಪಿದ ಲಾಭಕ್ಕಿಂತ ದೊಡ್ಡದು.

ಒಂಬತ್ತು ವರ್ಷ ಕಳೆಯಿತೆನ್ನಿ. ನಿಮಗೆ 70. ತಿಂಗಳ ಖರ್ಚು ಸುಮಾರು 67,500 ಆಗಿದೆ. ಬಡ್ಡಿ, ಪಿಂಚಣಿ ಈಗಿನಷ್ಟೇ ಇದ್ದರೆ ವರ್ಷದ ಕೊರತೆ ಸುಮಾರು 4 ಲಕ್ಷ, 14 ಲಕ್ಷದ ಠೇವಣಿ ಖಾಲಿ. ಷೇರಿನ 35 ಲಕ್ಷ ವರ್ಷಕ್ಕೆ ಸರಾಸರಿ ಶೇ 10ರಂತೆ ಬೆಳೆದಿದ್ದರೆ ಸುಮಾರು 82 ಲಕ್ಷ, ಶೇ 8ರಂತಾದರೆ 70 ಲಕ್ಷ, ತೀರಾ ಕೆಟ್ಟು ಶೇ 5 ಬಂದಿದ್ದರೆ 54 ಲಕ್ಷ. ಮೂರರಲ್ಲಿ ಯಾವುದಾದರೂ ಮುಂದಿನ ಹಲವು ವರ್ಷ ಆ 4 ಲಕ್ಷವನ್ನು ಹೊರುವ ಶಕ್ತಿ ಅದಕ್ಕಿದೆ.

ಆದರೆ ಷೇರಿನಿಂದ ಪವಾಡ ನಿರೀಕ್ಷಿಸಬೇಡಿ. ಷೇರಿಗೆ ಶೇ 10, ಉಳಿದದ್ದಕ್ಕೆ ಶೇ 7.25 ಎಂದು ಹಿಡಿದರೆ ಈ ಹಂಚಿಕೆಯ ಒಟ್ಟು ಸರಾಸರಿ ಶೇ 8.2. ಅದೇ ಖರ್ಚು, ಅದೇ ಬೆಲೆ ಏರಿಕೆ ಇಟ್ಟುಕೊಂಡರೆ ಹಣ 24 ವರ್ಷದ ಬದಲು ಸುಮಾರು 29 ವರ್ಷ ಬಾಳುತ್ತದೆ. ನಿಮ್ಮ ಹೆಂಡತಿಯ 82ನೇ ವಯಸ್ಸಿನ ಬದಲು 87. ಆ ಐದು ವರ್ಷಕ್ಕಾಗಿಯೇ ಇಷ್ಟೆಲ್ಲ. ಒಂದು ವೇಳೆ ಷೇರು ಎಫ್‌ಡಿಯಷ್ಟೇ ಕೊಟ್ಟರೂ ನೀವು ಬ್ಯಾಂಕಿನವರು ಹೇಳಿದ 24 ವರ್ಷದ ಹತ್ತಿರವೇ ನಿಲ್ಲುತ್ತೀರಿ. ಕಳೆದುಕೊಳ್ಳುವುದು ಕಡಿಮೆ, ಗಳಿಸುವುದು ಹೆಚ್ಚು ಎನ್ನುವ ಹದ ಇದು. 60 ಲಕ್ಷ ಷೇರಿಗೆ ಹಾಕಿದರೆ ಈ ಹದ ಕೆಡುತ್ತದೆ, ಕೊರತೆ ತುಂಬುವ ಠೇವಣಿಯೇ ಉಳಿಯುವುದಿಲ್ಲ.

ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಅರ್ಧ ದಿನ ಇದಕ್ಕೆ ಕೊಡಿ. ಒಟ್ಟು ಹಣ ಎಷ್ಟು, ಅದರಲ್ಲಿ ಷೇರು ಎಷ್ಟು ಎಂದು ಬರೆದುಕೊಳ್ಳಿ. ಷೇರಿನ ಪಾಲು ಶೇ 40 ದಾಟಿದ್ದರೆ ದಾಟಿದಷ್ಟನ್ನು ಮಾರಿ ಠೇವಣಿಗೆ ಹಾಕಿ. ಉದಾಹರಣೆಗೆ ಒಂದು ಏಪ್ರಿಲ್‌ನಲ್ಲಿ ಷೇರು 50 ಲಕ್ಷ, ಉಳಿದದ್ದು 65 ಲಕ್ಷ, ಒಟ್ಟು 115 ಲಕ್ಷ ಎಂದುಕೊಳ್ಳಿ. ಶೇ 40 ಎಂದರೆ 46 ಲಕ್ಷ, ಆದ್ದರಿಂದ 4 ಲಕ್ಷ ಮಾರಬೇಕು. ಎರಡು ವರ್ಷದ ಕೊರತೆ ಅಲ್ಲಿಗೇ ತುಂಬಿತು. 35 ಹಾಕಿದ್ದು 50 ಆಗಿರುವುದರಿಂದ ಮಾರಿದ 4 ಲಕ್ಷದಲ್ಲಿ ಲಾಭ ಸುಮಾರು 1.2 ಲಕ್ಷ. ಒಂದು ವರ್ಷಕ್ಕೂ ಹೆಚ್ಚು ಇಟ್ಟ ಯೂನಿಟ್ಟಾದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದಕ್ಕೆ ಮೇಲಿನದಕ್ಕೆ ಶೇ 12.5. ಮೊದಲು ಕೊಂಡ ಯೂನಿಟ್ಟೇ ಮೊದಲು ಮಾರಾಟವಾಗುವುದರಿಂದ ನಿಮ್ಮ ನಿಜವಾದ ಲಾಭ ಇದಕ್ಕಿಂತ ಸ್ವಲ್ಪ ಹೆಚ್ಚು ಬರಬಹುದು. ಫಂಡಿನವರು ಕೊಡುವ ಲಾಭದ ಪಟ್ಟಿ ನೋಡಿಯೇ ಮಾರಿ.

ಷೇರು ಬಿದ್ದಿದ್ದರೆ ಆ ವರ್ಷ ಏನನ್ನೂ ಮಾರಬೇಡಿ, ಕೊರತೆ ಠೇವಣಿಯಿಂದ ನಡೆಯಲಿ. ಬಿದ್ದ ಮಾರುಕಟ್ಟೆ ಏಳದೆಯೇ ಠೇವಣಿ ಎರಡು ವರ್ಷದ ಕೊರತೆಗಿಂತ ಕಡಿಮೆಯಾದರೆ, ಆಗ ಬೆಲೆ ನೋಡದೆ ಒಂದು ವರ್ಷಕ್ಕೆ ಬೇಕಾದಷ್ಟು ಮಾತ್ರ ಮಾರಿ. ಈ ನಿಯಮವನ್ನು ಇಂದೇ ಒಂದು ಹಾಳೆಯಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ. ಟಿವಿಯಲ್ಲಿ ಕೆಂಪು ಅಂಕಿ ಓಡುತ್ತಿರುವಾಗ ಹೊಸದಾಗಿ ಯೋಚನೆ ಮಾಡಲು ಕೂರಬಾರದು.

ತೆರಿಗೆಯ ಬಗ್ಗೆ ನಿಮಗೆ ದೊಡ್ಡ ತಲೆನೋವಿಲ್ಲ. ಬಡ್ಡಿ, ಪಿಂಚಣಿ ಸೇರಿ ನಿಮ್ಮ ಆದಾಯ ಐದೂವರೆ ಲಕ್ಷದ ಒಳಗೇ ಇರುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಆದರೂ ಬಡ್ಡಿ ಒಂದೇ ಕಡೆ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ, ಹಿರಿಯ ನಾಗರಿಕರ ಖಾತೆಯಲ್ಲಿ ನಿಮ್ಮದು 2.46 ಲಕ್ಷ. ತೆರಿಗೆ ಕಡಿತ ಬೇಡವೆನ್ನುವ ಸ್ವಯಂಘೋಷಣೆಯನ್ನು, 15ಎಚ್ ಎಂದೇ ಎಲ್ಲರಿಗೂ ಪರಿಚಿತವಾದ ಅರ್ಜಿಯನ್ನು, ಪ್ರತಿ ಏಪ್ರಿಲ್‌ನಲ್ಲಿ ಮರೆಯದೆ ಕೊಡಿ. ಎಚ್ಚರ ಬೇಕಾದ ಜಾಗ ಎರಡು. ಷೇರಿನ ಲಾಭ 1.25 ಲಕ್ಷ ದಾಟಿದರೆ ಆ 12 ಲಕ್ಷದ ರಿಯಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಮತ್ತು ನೀವು ಹೆಂಡತಿಯ ಹೆಸರಿಗೆ ಹಾಕಿದ ಹಣದ ಆದಾಯ ಕಾನೂನಿನ ಪ್ರಕಾರ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, ಆದ್ದರಿಂದ ಅವರ ಹೆಸರಿನಲ್ಲಿ ಫಂಡ್ ತೆಗೆದುಕೊಂಡು ಇನ್ನೊಂದು 1.25 ಲಕ್ಷದ ವಿನಾಯಿತಿ ಪಡೆಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬ್ಯಾಂಕಿನಲ್ಲಿ ‘ಎಫ್‌ಡಿಗಿಂತ ಹೆಚ್ಚು, ಗ್ಯಾರಂಟಿ ಆದಾಯ’ ಎಂದು ಇನ್ನೊಂದು ಕಾಗದ ಮುಂದಿಟ್ಟರೆ ಅದರಲ್ಲಿ ‘ಪ್ರೀಮಿಯಂ’ ಅಥವಾ ‘ಪಾಲಿಸಿ’ ಎಂಬ ಪದ ಇದೆಯೇ ನೋಡಿ. ಇದ್ದರೆ ಅದು ವಿಮೆ, ಹಣ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಈಗಾಗಲೇ ಸಹಿ ಮಾಡಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಬರೆದುಕೊಟ್ಟು ಹಿಂತಿರುಗಿಸಬಹುದು.

ಕೊನೆಯದಾಗಿ ಖರ್ಚಿನ ಲೆಕ್ಕ. ನಾನು ಹಿಡಿದಿರುವ ಶೇ 6 ಒಂದು ಊಹೆ, ನಿಮ್ಮ ಮನೆಯ ಏರಿಕೆ ಬೇರೆ ಇರಬಹುದು. ಅಡುಗೆ, ಔಷಧಿ, ಕರೆಂಟು, ಪ್ರಯಾಣ ಇವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಬನ್ನಿ. ಒಂದು ವರ್ಷದಲ್ಲಿ ಪಿಂಚಣಿ ಬಿಟ್ಟು ನೀವು ಬಳಸಿದ ಹಣವನ್ನು, ಬಡ್ಡಿಯನ್ನೂ ಸೇರಿಸಿ, ಅವತ್ತಿನ ಒಟ್ಟು ಗಂಟಿನ ಜೊತೆ ಹೋಲಿಸಿ. ಈಗ ಅದು ಶೇ 4.3 ಇದೆ. 75 ವರ್ಷಕ್ಕೆ ಮುಂಚೆಯೇ ಅದು ಶೇ 6 ದಾಟಿದರೆ ಆ ವರ್ಷ ಪ್ರವಾಸ, ಮನೆ ರಿಪೇರಿಯಂಥ ದೊಡ್ಡ ಖರ್ಚು ಮುಂದೂಡಿ, ಮರುವರ್ಷ ಮತ್ತೆ ಅಳೆಯಿರಿ. ಆ ಕೊರತೆಯನ್ನು ಷೇರಿನ ಪಾಲು ಹೆಚ್ಚಿಸಿ ತುಂಬಲು ಮಾತ್ರ ಹೋಗಬೇಡಿ.